ಎಟಿಎಂನ ದಿನದ ಸ್ಟೇಟಸ್ ಶೀಟ್: ಮಲೆನಾಡಿನ ಬ್ರಾಂಚ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಕೂತು ಒಂದು ಬ್ಯಾಂಕಿನ ಎಟಿಎಂಗಳ ದಿನದ ಸ್ಟೇಟಸ್ ನೋಡುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯ ಬ್ರಾಂಚ್‌ಗಳಿಂದ ಬರುವ ಫೋನ್‌ಗಳಲ್ಲಿ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಇರುತ್ತವೆ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೂ ಬೇಕಾಗುತ್ತದೆ ಅಂತ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ದಿನದ ಶೀಟ್‌ನಲ್ಲಿ ಏನೆಲ್ಲ ಇರುತ್ತದೆ? ಮೊದಲು ಯಾವುದನ್ನು ನೋಡಬೇಕು?

ಒಂದು ಮೆಷಿನ್‌ಗೆ ಒಂದು ಸಾಲು. ಅದರಲ್ಲಿ ಮೆಷಿನ್ ನಂಬರ್, ಜಾಗ, ಅಪ್ ಅಥವಾ ಡೌನ್, ಡೌನ್ ಆಗಿದ್ದರೆ ಕಾರಣ, ಕೊನೆಯ ಸಲ ದುಡ್ಡು ಕೊಟ್ಟ ಹೊತ್ತು, ಒಂದೊಂದು ಕ್ಯಾಸೆಟ್‌ನಲ್ಲಿ ಉಳಿದ ನೋಟು, ರಿಜೆಕ್ಟ್ ಬಿನ್‌ಗೆ ಬಿದ್ದ ನೋಟು, ಒಟ್ಟು ಬ್ಯಾಲೆನ್ಸ್. ನಮ್ಮಲ್ಲಿ ಇದು ಬೆಳಗ್ಗೆ 8 ಗಂಟೆಗೆ ತೆಗೆದ ದಾಖಲೆ.

ಎಲ್ಲರ ಕಣ್ಣೂ ಮೊದಲು ಹೋಗುವುದು ಅಪ್-ಡೌನ್ ಕಾಲಂಗೆ, ಆಮೇಲೆ ಒಟ್ಟು ಬ್ಯಾಲೆನ್ಸ್‌ಗೆ. ನಾನು ಹೇಳುವುದಾದರೆ ಆ ಎರಡನ್ನೂ ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ಕೊನೆಯ ಸಲ ದುಡ್ಡು ಕೊಟ್ಟ ಹೊತ್ತು, ಆಮೇಲೆ 500ರ ನೋಟು ಎಷ್ಟು ಉಳಿದಿದೆ ಅನ್ನುವುದು.

ಶೀಟ್‌ನಲ್ಲಿ ಅಪ್ ಅಂತ ಇದೆ. ಆದರೆ ಜನ ದುಡ್ಡು ಬರ್ತಿಲ್ಲ ಅಂತಾರೆ. ಯಾರ ಮಾತು ಸರಿ?

ಹೆಚ್ಚಿನ ಸಲ ಜನರದ್ದೇ. ಅಪ್ ಅಂದರೆ ಮೆಷಿನ್ ಮತ್ತು ಸ್ವಿಚ್ ಅನ್ನುವ ಬ್ಯಾಂಕಿನ ಮುಖ್ಯ ಕಂಪ್ಯೂಟರ್ ನಡುವೆ ಮಾತುಕತೆ ನಡೀತಿದೆ, ಮೆಷಿನ್ ತಾನು ಸೇವೆಯಲ್ಲಿದ್ದೇನೆ ಅಂತ ಹೇಳ್ತಿದೆ, ಅಷ್ಟೇ. ನೋಟು ಹೊರಗೆ ಬರ್ತಿದೆಯಾ ಅನ್ನುವುದು ಬೇರೆ ಮಾತು.

ಮಳೆಗಾಲದಲ್ಲಿ ನಮ್ಮ ಕಡೆ ಇದು ಜಾಸ್ತಿ. ಜುಲೈನಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮೆಷಿನ್ ಲೋಡ್ ಮಾಡುವಾಗ ನಾನೂ ಹೋಗಿದ್ದೆ. ಎಸಿ ಕೆಟ್ಟು ವಾರ ಆಗಿತ್ತು. ಗೋಡೆಯೆಲ್ಲ ಬೆವರಿತ್ತು. ದುಡ್ಡು ತುಂಬುವ ಕಸ್ಟೋಡಿಯನ್ ಕ್ಯಾಸೆಟ್ ತೆರೆದು ನೋಟಿನ ಕಂತೆಯನ್ನು ಬೆರಳಲ್ಲಿ ಬಿಡಿಸಿದರೆ ನೋಟುಗಳು ಒಂದಕ್ಕೊಂದು ಅಂಟಿಕೊಂಡೇ ಬರುತ್ತಿದ್ದವು, ಬಿಸಿಲು ಕಾಣದ ಹಪ್ಪಳದ ಹಾಗೆ. ಮೆಷಿನ್ ಒಂದು ನೋಟು ಎಳೆಯಲು ಹೋದರೆ ಎರಡು ಬರುತ್ತವೆ. ದಪ್ಪ ಅಳೆಯುವ ಸೆನ್ಸರ್ ಅದನ್ನು ಹಿಡಿದು ರಿಜೆಕ್ಟ್ ಬಿನ್‌ಗೆ ತಳ್ಳುತ್ತದೆ. ಬಿನ್ ತುಂಬಿದರೆ, ಅಥವಾ ಎಷ್ಟು ಎಳೆದರೂ ನೋಟು ಸರಿಯಾಗಿ ಬಾರದಿದ್ದರೆ, ದುಡ್ಡು ಕೊಡುವುದು ನಿಲ್ಲುತ್ತದೆ. ಬ್ಯಾಲೆನ್ಸ್ ಕೇಳಿದವರಿಗೆ ಮಾತ್ರ ಉತ್ತರ ಹೋಗುತ್ತಲೇ ಇರುತ್ತದೆ. ಹಾಗಾಗಿ ಶೀಟ್‌ನಲ್ಲಿ ಅಪ್.

ಹಿಂದಿನ ನಾಲ್ಕು ದಿನದ ಶೀಟ್ ಆಮೇಲೆ ತೆಗೆದು ನೋಡಿದೆ. ರಿಜೆಕ್ಟ್ ಕಾಲಂನಲ್ಲಿ 6, 9, 31, 74 ಅಂತ ಏರಿಕೊಂಡು ಬಂದಿತ್ತು. ಮೂರನೇ ದಿನವೇ ಗೊತ್ತಾಗಬೇಕಿತ್ತು. ಈಗ ಮಳೆಗಾಲದಲ್ಲಿ ಆ ಸಂಖ್ಯೆ ಒಂದೇ ದಿನಕ್ಕೆ ಎರಡರಷ್ಟು ಆದರೂ ಸಾಕು, ಬ್ರಾಂಚ್‌ಗೆ ಫೋನ್ ಮಾಡಿ ಎಸಿ ನಡೀತಿದೆಯಾ, ಹಾಕಿದ ನೋಟು ಹಳೆಯದಾ ಅಂತ ಕೇಳುತ್ತೇನೆ.

ದುಡ್ಡು ಕೊಟ್ಟು ಎಷ್ಟು ಹೊತ್ತಾದರೆ ಅನುಮಾನ ಪಡಬೇಕು?

ಜಾಗ ನೋಡಿ ಹೇಳಬೇಕು. ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಮೆಷಿನ್‌ನಿಂದ ಬೆಳಗ್ಗೆ 8ರ ಹಿಂದಿನ ಮೂರು ಗಂಟೆಗಳಲ್ಲಿ ಯಾರೂ ದುಡ್ಡು ತೆಗೆದಿಲ್ಲ ಅಂದರೆ ಏನೋ ಕೆಟ್ಟಿದೆ. ಆಗುಂಬೆ ಕಡೆಯ ಮೆಷಿನ್‌ನಲ್ಲಿ ರಾತ್ರಿ 9ರ ಮೇಲೆ ಯಾರೂ ಬಾರದೇ ಇರುವುದು ಸಹಜ, ಅಲ್ಲಿ 11 ಗಂಟೆ ಸುಮ್ನೆ ಇದ್ದರೂ ಗಾಬರಿ ಬೇಡ. ಅದಕ್ಕೇ ಒಂದೊಂದು ಮೆಷಿನ್‌ಗೆ ಒಂದೊಂದು ಮಿತಿ ಬರೆದಿಟ್ಟುಕೊಳ್ಳಿ. ಶೀಟ್ ತೆಗೆದ ತಾರೀಖು ಮತ್ತು ಹೊತ್ತು A ಕಾಲಂ, ಕೊನೆಯ ಸಲ ದುಡ್ಡು ಕೊಟ್ಟ ತಾರೀಖು ಮತ್ತು ಹೊತ್ತು B, ಆ ಮೆಷಿನ್‌ನ ಮಿತಿ ಗಂಟೆಯಲ್ಲಿ C ಆದರೆ ಇಷ್ಟೇ ಸಾಕು:

```
=IF((A2-B2)*24>C2,"ನೋಡಿ","ಸರಿ")
```

ಒಂದು ಎಚ್ಚರಿಕೆ. B ಕಾಲಂನಲ್ಲಿ ಕೊನೆಯ ವ್ಯವಹಾರದ ಹೊತ್ತು ಬೇಡ, ಯಶಸ್ವಿಯಾಗಿ ದುಡ್ಡು ಕೊಟ್ಟ ಹೊತ್ತೇ ಬೇಕು. ಬ್ಯಾಲೆನ್ಸ್ ಕೇಳಿದ್ದು, ಪಿನ್ ಬದಲಾಯಿಸಿದ್ದು ಎಲ್ಲ ವ್ಯವಹಾರವೇ. ಅವು ಸೇರಿಬಿಟ್ಟರೆ ಕೆಟ್ಟ ಮೆಷಿನ್ ಕೂಡ ಸರಿ ಅಂತಲೇ ಕಾಣುತ್ತದೆ.

ತಿಂಗಳ 30 ದಿನವೂ ಶೀಟ್‌ನಲ್ಲಿ ಅಪ್ ಇತ್ತು. ಅಪ್‌ಟೈಮ್ 100% ಅಂತ ಬರೆಯಬಹುದಾ?

ಬೇಡ. ಅದು 30 ಫೋಟೋ, 30 ದಿನ ಅಲ್ಲ. ಬೆಳಗ್ಗೆ 9ಕ್ಕೆ ಹೋಗಿ ಸಂಜೆ 5ಕ್ಕೆ ಎದ್ದ ಮೆಷಿನ್ 8 ಗಂಟೆಯ ಫೋಟೋದಲ್ಲಿ ಯಾವತ್ತೂ ಸಿಗುವುದಿಲ್ಲ. ಉಲ್ಟಾ ಕೂಡ ನಡೆಯುತ್ತದೆ: ಬೆಳಗ್ಗೆ 7.50ರಿಂದ 8.10ರವರೆಗೆ ಮಾತ್ರ ಲಿಂಕ್ ಹೋಗಿದ್ದರೂ ಆ ದಿನ ಪೂರ್ತಿ ಡೌನ್ ಅಂತ ಎಣಿಸಿದರೆ ಒಂದೇ ಏಟಿಗೆ 3.3% ಕಡಿಮೆ.

ಅಪ್‌ಟೈಮ್‌ಗೆ ನಿಮಿಷದ ಲೆಕ್ಕ ಬೇಕು. 30 ದಿನದ ತಿಂಗಳು ಅಂದರೆ 43,200 ನಿಮಿಷ. ಮೆಷಿನ್ ಬಿದ್ದ ಹೊತ್ತು, ಎದ್ದ ಹೊತ್ತು ಸ್ವಿಚ್‌ನ ಲಾಗ್‌ನಲ್ಲಿ ಸಿಗುತ್ತದೆ. ಬಿದ್ದಿದ್ದ ನಿಮಿಷಗಳನ್ನು ಕೂಡಿ 43,200ರಿಂದ ಕಳೆದು, ಉಳಿದದ್ದನ್ನು 43,200ರಿಂದ ಭಾಗಿಸಿ. 98% ಅಪ್‌ಟೈಮ್ ಅಂದರೆ ತಿಂಗಳಿಗೆ 14 ಗಂಟೆ 24 ನಿಮಿಷ ಬಿದ್ದಿರಬಹುದು ಅಂತ ಅರ್ಥ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋಗಿ ಬ್ಯಾಟರಿ ಕೈಕೊಟ್ಟರೆ ಅದು ಮುಗಿದೇ ಹೋಯಿತು.

ದಿನದ ಶೀಟ್ ಇರುವುದು ಇವತ್ತು ಯಾರಿಗೆ ಫೋನ್ ಮಾಡಬೇಕು ಅಂತ ತಿಳಿಯಲು. ತಿಂಗಳ ಶೇಕಡಾವಾರು ಹೇಳಲು ಅದನ್ನು ಬಳಸಬೇಡಿ.

ಮಳೆಯಲ್ಲಿ ಮೆಷಿನ್ ಡೌನ್ ಆದರೆ ಲಿಂಕ್ ಹೋಗಿದೆಯಾ, ಕರೆಂಟ್ ಹೋಗಿದೆಯಾ ಅಂತ ಇಲ್ಲೇ ಕೂತು ಹೇಗೆ ಹೇಳುತ್ತೀರಿ?

ಎಷ್ಟು ಹೊತ್ತು ಬಿದ್ದಿತ್ತು ಅನ್ನುವುದನ್ನು ನೋಡಿ. ಚಾವಣಿಯ ಮೇಲೆ ತಟ್ಟೆ ಇಟ್ಟು ಉಪಗ್ರಹದ ಮೂಲಕ ನಡೆಯುವ ಮೆಷಿನ್‌ಗಳಲ್ಲಿ ಜೋರು ಮಳೆ ಸಿಗ್ನಲ್ಲನ್ನು ನುಂಗುತ್ತದೆ. ಮಳೆ ಸ್ವಲ್ಪ ಇಳಿದ ಕೂಡಲೇ ತಾನಾಗಿ ಎದ್ದು ಬರುತ್ತದೆ. ಲಾಗ್‌ನಲ್ಲಿ ಅದು ಐದು ನಿಮಿಷ, ಹನ್ನೆರಡು ನಿಮಿಷ, ಮತ್ತೆ ಏಳು ನಿಮಿಷ ಹೀಗೆ ಚೂರು ಚೂರಾಗಿ ಕಾಣುತ್ತದೆ. ಅದಕ್ಕೆ ಎಂಜಿನಿಯರ್ ಕಳಿಸಿದರೆ ಅವರು ಹೋಗುವಷ್ಟರಲ್ಲಿ ಮೆಷಿನ್ ಚೆನ್ನಾಗಿಯೇ ಇರುತ್ತದೆ.

ಕರೆಂಟ್ ಹೋದದ್ದು ಹಾಗಲ್ಲ. ಊರಲ್ಲಿ ಕರೆಂಟ್ ಹೋದ ಮೇಲೂ ಬ್ಯಾಟರಿ ಒಂದಿಷ್ಟು ಹೊತ್ತು ಎಳೆಯುತ್ತದೆ, ಆಮೇಲೆ ಮೆಷಿನ್ ಒಂದೇ ಸಲ ಬೀಳುತ್ತದೆ, ಗಂಟೆಗಟ್ಟಲೆ ಏಳುವುದಿಲ್ಲ. ಬ್ರಾಂಚ್‌ಗೆ ಎರಡೇ ಪ್ರಶ್ನೆ ಕೇಳಿ: ಕರೆಂಟ್ ಎಷ್ಟಕ್ಕೆ ಹೋಯಿತು, ಮೆಷಿನ್ ಎಷ್ಟಕ್ಕೆ ಆರಿತು. ಮೊದಲು ಮೂರು ಗಂಟೆ ಎಳೆಯುತ್ತಿದ್ದ ಬ್ಯಾಟರಿ ಈಗ 40 ನಿಮಿಷಕ್ಕೇ ಮಲಗಿದರೆ ಅದನ್ನು ಬದಲಾಯಿಸಬೇಕು. ಈ ಅಂತರವನ್ನು ಶೀಟ್‌ನ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಮೇ ತಿಂಗಳಲ್ಲೇ ಯಾವ ಬ್ಯಾಟರಿ ಬದಲಾಯಿಸಬೇಕು ಅಂತ ಪಟ್ಟಿ ಕೈಯಲ್ಲಿರುತ್ತದೆ.

ಎರಡು ದಿನವೂ ಬ್ಯಾಲೆನ್ಸ್ ಒಂದೇ ತೋರಿಸ್ತಿದೆ. ಯಾರೂ ದುಡ್ಡು ತೆಗೆದಿಲ್ಲ ಅಂತಲಾ?

ಹಾಗೂ ಇರಬಹುದು. ಲಿಂಕ್ ಇಲ್ಲದೆ ಹಳೆಯ ಅಂಕಿಯೇ ಮತ್ತೆ ಬಂದಿರಬಹುದು. ಮೆಷಿನ್ ಮಾತಾಡದಿದ್ದಾಗ ಶೀಟ್ ಖಾಲಿ ಬಿಡುವುದಿಲ್ಲ, ತನಗೆ ಗೊತ್ತಿರುವ ಕೊನೆಯ ಸಂಖ್ಯೆಯನ್ನೇ ಹಾಕುತ್ತದೆ. ನೋಡುವವರಿಗೆ ಅದು ಇವತ್ತಿನದು ಅನ್ನಿಸುತ್ತದೆ. ನಿನ್ನೆಯ ಶೀಟ್ ಪಕ್ಕದಲ್ಲಿಟ್ಟು ಹೋಲಿಸಿ. ರೂಪಾಯಿಗೆ ರೂಪಾಯಿ ಒಂದೇ ಆಗಿದ್ದರೆ ಆ ಸಾಲಿಗೆ ಬಣ್ಣ ಹಾಕಿ, ಬ್ರಾಂಚ್‌ಗೆ ಫೋನ್ ಮಾಡಿ. ಎರಡೂ ಕಾರಣದಲ್ಲಿ ಫೋನ್ ಮಾಡಲೇಬೇಕಲ್ವಾ.

ನಮ್ಮ ಮೆಷಿನ್‌ನಲ್ಲಿ 6,40,000 ರೂಪಾಯಿ ಇದೆ. ದಿನಕ್ಕೆ ಸರಾಸರಿ 2,10,000 ಹೋಗುತ್ತದೆ. ಮೂರು ದಿನಕ್ಕೆ ಸಾಕಲ್ವಾ?

ಸಾಲದು. ಇದೇ ಲೆಕ್ಕ ಹಾಕಿ ಹಿಂದೊಂದು ಅಡಿಕೆ ಕೊಯ್ಲಿನಲ್ಲಿ ನಾನು ತಪ್ಪು ಮಾಡಿದ್ದೇನೆ. ಪೂರ್ತಿ ಹೇಳುತ್ತೇನೆ, ಏಕೆಂದರೆ ಇದೊಂದು ಗೊತ್ತಾದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ಅವತ್ತು ಶುಕ್ರವಾರ ಬೆಳಗ್ಗೆ 8. ಮಾರನೆಯ ದಿನ ಎರಡನೇ ಶನಿವಾರ, ಬ್ಯಾಂಕ್ ರಜೆ. ಭಾನುವಾರ ರಜೆ. ಸೋಮವಾರವೂ ಹಬ್ಬದ ರಜೆ. ಮತ್ತೆ ದುಡ್ಡು ತುಂಬುವುದು ಮಂಗಳವಾರ 11 ಗಂಟೆಗೆ. ಒಟ್ಟು ಬ್ಯಾಲೆನ್ಸ್ ನೋಡಿ ಹೇಗೋ ನಡೆಯುತ್ತದೆ ಅಂತ ಬಿಟ್ಟೆ.

ಕ್ಯಾಸೆಟ್ ಬಿಡಿಸಿ ನೋಡಿದ್ದರೆ ಹೀಗಿತ್ತು: 500ರ ನೋಟು 600, 200ರ ನೋಟು 1,200, 100ರ ನೋಟು 1,000. ಆ ಮೆಷಿನ್‌ನಿಂದ ಸಾಮಾನ್ಯ ದಿನ 500ರ ನೋಟು 380 ಹೋಗುತ್ತವೆ, 200ರದ್ದು 70, 100ರದ್ದು 60. ಅಂದರೆ ದಿನದ ಎರಡು ಲಕ್ಷ ಚಿಲ್ಲರೆಯಲ್ಲಿ 1,90,000 ಬರೀ 500ರ ನೋಟು. ಇದ್ದ 600 ನೋಟು ಒಂದೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ, ಅಷ್ಟೇ.

ಸಾಲದ್ದಕ್ಕೆ ಶನಿವಾರ ಸಾಮಾನ್ಯ ದಿನ ಅಲ್ಲ. ಕೊಯ್ಲಿನ ಕಾಲದಲ್ಲಿ ಕೊನೆಗಾರರಿಗೆ, ಅಡಿಕೆ ಸುಲಿಯುವವರಿಗೆ ವಾರದ ಬಟವಾಡೆ ಶನಿವಾರ. ಅಡಿಕೆ ಮಾರಿದ ದುಡ್ಡು ಖಾತೆಗೆ ಬಂದಿರುತ್ತದೆ, ಕೂಲಿ ಮಾತ್ರ ಕೈಯಲ್ಲೇ ಕೊಡಬೇಕು. ಆ ಮೆಷಿನ್‌ನಲ್ಲಿ ಹಿಂದಿನ ಶನಿವಾರಗಳಲ್ಲಿ 500ರ ನೋಟು 560ರ ಆಸುಪಾಸು ಹೋಗಿತ್ತು.

ಶುಕ್ರವಾರ 380 ಹೋಯಿತು, 220 ಉಳಿಯಿತು. ಶನಿವಾರ ಮಧ್ಯಾಹ್ನ ಒಂದರ ಹೊತ್ತಿಗೆ ಅವೂ ಖಾಲಿ. ಅಲ್ಲಿಂದ ಮೆಷಿನ್ 200ರ ನೋಟು ಕೊಡಲು ಶುರು ಮಾಡಿತು. ನಮ್ಮ ಮೆಷಿನ್ ಒಂದು ಸಲಕ್ಕೆ 40 ನೋಟು ಮಾತ್ರ ಎಣಿಸಿ ಕೊಡುತ್ತದೆ. 200ರಲ್ಲಿ 40 ಅಂದರೆ 8,000. ಹತ್ತು ಸಾವಿರ ಕೇಳಿದವರಿಗೆ ಆಗುವುದಿಲ್ಲ ಅಂತ ಬಂತು. ಮಧ್ಯಾಹ್ನ ಎರಡೂವರೆಗೆ ಒಬ್ಬರು ತೋಟದವರು ಮ್ಯಾನೇಜರ್‌ಗೆ ಫೋನ್ ಮಾಡಿ, "ಸಾರ್, ಏಳು ಜನ ಕೂಲಿಯವರು ಅಂಗಳದಲ್ಲಿ ಕೂತಿದ್ದಾರೆ, ನಾನು ಎಷ್ಟು ಸಲ ಕಾರ್ಡ್ ಹಾಕಲಿ?" ಅಂದರಂತೆ. ಸ್ವಿಚ್‌ನ ಲಾಗ್ ಪ್ರಕಾರ ಆ ಹೊತ್ತಿಗೂ ಮೆಷಿನ್ ಅಪ್, ಒಳಗೆ ಎರಡೂವರೆ ಲಕ್ಷದಷ್ಟು ದುಡ್ಡು.

ಶನಿವಾರ ರಾತ್ರಿ ಉಳಿದದ್ದು ಸುಮಾರು 1,30,000, ಅದರಲ್ಲಿ ಹೆಚ್ಚಿನದು 100ರ ನೋಟು. ಭಾನುವಾರ ಸಂಜೆ ನಾಲ್ಕಕ್ಕೆ ಪೂರ್ತಿ ಖಾಲಿ. ಅಲ್ಲಿಂದ ಮಂಗಳವಾರ 11ರವರೆಗೆ 43 ಗಂಟೆ ಮೆಷಿನ್ ಸುಮ್ನೆ ನಿಂತಿತ್ತು.

ಹಾಗಾದರೆ ಅವತ್ತು ಎಷ್ಟು ದುಡ್ಡು ಕೇಳಬೇಕಿತ್ತು?

500ರ ನೋಟಿನ ಲೆಕ್ಕ ಮಾತ್ರ ಹಾಕಿ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ತುಂಬುತ್ತಾರೆ ಅಂತ ಇಟ್ಟುಕೊಂಡರೆ ಆ ದಿನ ಉಳಿದ ಹೊತ್ತಿಗೆ 180, ಶನಿವಾರ 560, ಭಾನುವಾರ ಮತ್ತು ಸೋಮವಾರ 380ರಂತೆ, ಮಂಗಳವಾರ ಬೆಳಗ್ಗೆಗೆ 90. ಕೂಡಿದರೆ 1,590. ಒಂದು ಕ್ಯಾಸೆಟ್ ಪೂರ್ತಿ 2,000 ನೋಟು, ಅಂದರೆ 10 ಲಕ್ಷ, ಕೇಳಿದ್ದರೆ ನಾನೂರು ನೋಟು ಮಿಗುತ್ತಿತ್ತು. ಕ್ಯಾಸೆಟ್‌ಗೆ ಅದಕ್ಕಿಂತ ಜಾಸ್ತಿ ಹಿಡಿಸಬಹುದು, ಆದರೆ ಬಿಗಿಯಾಗಿ ತುಂಬಿದಷ್ಟೂ ನೋಟು ಸಿಕ್ಕಿಕೊಳ್ಳುತ್ತದೆ. ಮಲೆನಾಡಿನ ಥಂಡಿಯಲ್ಲಿ ನಾನು 2,000ಕ್ಕೇ ನಿಲ್ಲಿಸುತ್ತೇನೆ.

ಸರಾಸರಿ ತೆಗೆಯುವಾಗ ಯಾವ ದಿನಗಳನ್ನು ಸೇರಿಸಬೇಕು?

ಅದೇ ವಾರದ ದಿನವನ್ನು ಸೇರಿಸಿ. ಶನಿವಾರಕ್ಕೆ ಹಿಂದಿನ ನಾಲ್ಕೈದು ಶನಿವಾರ, ಸಂತೆ ದಿನಕ್ಕೆ ಹಿಂದಿನ ಸಂತೆ ದಿನಗಳು. ಮತ್ತೆ ಸರಾಸರಿಗಿಂತ ನಡುವಿನ ಸಂಖ್ಯೆ ತೆಗೆದುಕೊಂಡರೆ ಒಳ್ಳೆಯದು. ಒಂದು ಶನಿವಾರ ಮೆಷಿನ್ ಕೆಟ್ಟಿದ್ದರೆ ಆ ದಿನದ ಕಡಿಮೆ ಸಂಖ್ಯೆ ಸರಾಸರಿಯನ್ನು ಕೆಳಗೆ ಎಳೆಯುತ್ತದೆ. B ಕಾಲಂನಲ್ಲಿ ಉಳಿದ 500ರ ನೋಟು, C ಯಿಂದ G ವರೆಗೆ ಹಿಂದಿನ ಐದು ಅಂಥದೇ ದಿನಗಳು ಇದ್ದರೆ:

```
=B2/MEDIAN(C2:G2)
```

ಉತ್ತರ 1ಕ್ಕಿಂತ ಕಡಿಮೆ ಬಂದರೆ ಆ ದಿನ ದಾಟುವುದಿಲ್ಲ ಅಂತ. ಇನ್ನೊಂದು ಮುಖ್ಯ ವಿಷಯ: ಮಧ್ಯಾಹ್ನವೇ ಖಾಲಿಯಾದ ದಿನವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವತ್ತು 220 ನೋಟು ಹೋಯಿತು ಅಂದರೆ ಜನಕ್ಕೆ ಬೇಕಾಗಿದ್ದು 220 ಅಂತಲ್ಲ, ಇದ್ದದ್ದೇ 220. ಇದನ್ನು ಗಮನಿಸದೆ ಲೆಕ್ಕ ಹಾಕಿದರೆ ದುಡ್ಡು ಕಡಿಮೆ ಬಿದ್ದ ಮೆಷಿನ್‌ಗೆ ಮುಂದಿನ ವಾರ ಇನ್ನೂ ಕಡಿಮೆ ಕಳಿಸುತ್ತೀರಿ.

ತಿಂಗಳ ಮೊದಲ ವಾರ ಪಿಂಚಣಿಯವರು, ಗೃಹಲಕ್ಷ್ಮಿಯ 2,000 ಖಾತೆಗೆ ಬಿದ್ದ ದಿನ ಹೆಂಗಸರು ಜಾಸ್ತಿ ಬರುತ್ತಾರೆ. ಅದಕ್ಕೆ ಗೊತ್ತಾದ ತಾರೀಖು ಇರುವುದಿಲ್ಲ. ಬಿದ್ದ ದಿನ ಬ್ರಾಂಚ್‌ನವರೇ ಒಂದು ಮಾತು ತಿಳಿಸಿದರೆ ನಮಗೆ ತುಂಬಾ ಉಪಕಾರ.

ದುಡ್ಡು ಬೇಕು ಅಂತ ಇಂಡೆಂಟ್ ಯಾವಾಗ ಹಾಕಬೇಕು? ಬೆಳಗ್ಗೆ ಹೇಳಿದರೆ ಸಂಜೆ ಬರೋಲ್ವಾ?

ಹಿಂದಿನ ದಿನ ಮಧ್ಯಾಹ್ನದೊಳಗೆ ಹಾಕಿ. ಶಿವಮೊಗ್ಗದಿಂದ ತೀರ್ಥಹಳ್ಳಿ 60 ಕಿಲೋಮೀಟರ್ ಚಿಲ್ಲರೆ, ಅಲ್ಲಿಂದ ಆಗುಂಬೆಗೆ ಮತ್ತೆ 30ರಷ್ಟು. ವ್ಯಾನ್ ದಾರಿಯಲ್ಲಿ ನಾಲ್ಕೈದು ಮೆಷಿನ್ ತುಂಬಿಕೊಂಡು ಹೋಗುತ್ತದೆ. ಕೇಂದ್ರ ಗೃಹ ಇಲಾಖೆಯ ನಿಯಮ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ: ಹಳ್ಳಿಗಳಲ್ಲಿ ಸಂಜೆ 6ರ ಮೇಲೆ, ನಗರದಲ್ಲಿ ರಾತ್ರಿ 9ರ ಮೇಲೆ ಎಟಿಎಂಗೆ ದುಡ್ಡು ತುಂಬುವ ಹಾಗಿಲ್ಲ. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದರೆ ಸರದಿಯ ಕೊನೆಯ ಮೆಷಿನ್‌ಗೆ ಹೊತ್ತು ಮೀರುತ್ತದೆ, ವ್ಯಾನ್ ಹಿಂದಕ್ಕೆ ಬರುತ್ತದೆ. ಅದಕ್ಕೇ ದೂರದ ಮೆಷಿನ್‌ಗಳಿಗೆ ಒಂದು ದಿನದ ದುಡ್ಡು ಯಾವಾಗಲೂ ಜಾಸ್ತಿ ಇರಲಿ. ಸಾಲು ರಜೆ ಇದ್ದರೆ ನಾನೀಗ ಬುಧವಾರದ ಶೀಟ್ ನೋಡಿಯೇ ಇಂಡೆಂಟ್ ಹಾಕುತ್ತೇನೆ.

ಹತ್ತು ಗಂಟೆ ಖಾಲಿ ಇದ್ದರೆ ದಂಡ ಅಂತಾರೆ. ಅದು ದಿನಕ್ಕಾ, ತಿಂಗಳಿಗಾ?

ತಿಂಗಳಿಗೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಈ ನಿಯಮ ತಂದಿದೆ. ಒಂದು ಮೆಷಿನ್ ಒಂದು ತಿಂಗಳಲ್ಲಿ ಒಟ್ಟು 10 ಗಂಟೆಗಿಂತ ಜಾಸ್ತಿ ದುಡ್ಡಿಲ್ಲದೆ ನಿಂತರೆ ಬ್ಯಾಂಕಿಗೆ 10,000 ರೂಪಾಯಿ ದಂಡ. ಮೂರು ಗಂಟೆ, ಐದು ಗಂಟೆ, ಮತ್ತೆ ಮೂರು ಗಂಟೆ ಅಂತ ಬಿಡಿ ಬಿಡಿಯಾಗಿ ಆದರೂ ಕೂಡಿಕೊಳ್ಳುತ್ತದೆ. ಮೇಲೆ ಹೇಳಿದ 43 ಗಂಟೆ ಒಂದೇ ವಾರಾಂತ್ಯದಲ್ಲಿ ಈ ಮಿತಿಯನ್ನು ನಾಲ್ಕು ಪಟ್ಟು ದಾಟಿತ್ತು.

ಇದು ದುಡ್ಡು ಖಾಲಿಯಾದ ಹೊತ್ತಿನ ಲೆಕ್ಕ. ಲಿಂಕ್ ಹೋದದ್ದು, ಮೆಷಿನ್ ಕೆಟ್ಟದ್ದು ಬೇರೆ. ಹಾಗಾಗಿ ಕಾರಣದ ಕಾಲಂ ಸರಿಯಾಗಿ ತುಂಬಬೇಕು. ದಯವಿಟ್ಟು ಖಾಲಿಯಾದದ್ದನ್ನು ಲಿಂಕ್ ಡೌನ್ ಅಂತ ಬರೆಯಬೇಡಿ. ಲಿಂಕ್ ಹೋದ ಕ್ಷಣದಲ್ಲಿ ಕ್ಯಾಸೆಟ್‌ನಲ್ಲಿ ಎಷ್ಟಿತ್ತು ಅನ್ನುವುದು ಲಾಗ್‌ನಲ್ಲಿ ಇರುತ್ತದೆ. ತಪ್ಪು ಬರೆದರೆ ಎಂಜಿನಿಯರ್ ಸುಮ್ನೆ ಘಾಟಿ ಹತ್ತಿ ಹೋಗುತ್ತಾರೆ, ದುಡ್ಡಿನ ವ್ಯಾನ್ ಮಾತ್ರ ಹೊರಡುವುದೇ ಇಲ್ಲ.

ಬ್ಯಾಲೆನ್ಸ್ ಮೈನಸ್ ತೋರಿಸ್ತಿದೆ. ಇನ್ನೊಂದು ಕಡೆ ಕ್ಯಾಸೆಟ್‌ನಲ್ಲಿ 3,600 ನೋಟು ಅಂತಿದೆ. ಹೇಗೆ ಸಾಧ್ಯ?

ಎರಡೂ ತುಂಬುವಾಗ ಆದ ಎಂಟ್ರಿ ತಪ್ಪು. ಕಸ್ಟೋಡಿಯನ್ 2,000 ನೋಟು ಹಾಕಿ ಸಂಖ್ಯೆ ಹೊಡೆಯುವಾಗ ಒಂದು ಸೊನ್ನೆ ಬಿಟ್ಟರೆ 200 ಅಂತಾಗುತ್ತದೆ, 201ನೇ ನೋಟಿಗೆ ಮೈನಸ್. ಹಳೆಯ ಕ್ಯಾಸೆಟ್ ತೆಗೆದು ಹೊಸದು ಇಟ್ಟು, ಕೌಂಟರ್ ಮಾತ್ರ ಸೊನ್ನೆ ಮಾಡದೇ ಬಿಟ್ಟರೆ ಹಳೆಯ 1,600ಕ್ಕೆ ಹೊಸ 2,000 ಸೇರಿ 3,600. ಈ ಎರಡನೆಯದು ಜಾಸ್ತಿ ಅಪಾಯ, ಒಳಗೆ ಖಾಲಿಯಾದರೂ ಶೀಟ್ ತುಂಬಿದೆ ಅಂತಲೇ ಹೇಳುತ್ತದೆ.

ಪರೀಕ್ಷೆ ಸುಲಭ. ಹಾಕಿದ ನೋಟು = ಜನರಿಗೆ ಹೋದದ್ದು + ರಿಜೆಕ್ಟ್ ಬಿನ್‌ನಲ್ಲಿ ಬಿದ್ದದ್ದು + ಕ್ಯಾಸೆಟ್‌ನಲ್ಲಿ ಉಳಿದದ್ದು. 2,000 ಹಾಕಿ, 1,340 ಹೋಗಿ, 45 ರಿಜೆಕ್ಟ್ ಆಗಿದ್ದರೆ 615 ಉಳಿದಿರಬೇಕು. ಕೈಯಲ್ಲಿ ಎಣಿಸಿದಾಗ 635 ಸಿಕ್ಕರೆ ಆ 20 ನೋಟು ಯಾರದ್ದೋ. ಖಾತೆಯಲ್ಲಿ ಕಳೆದು ಕೈಗೆ ಬಾರದ ದುಡ್ಡು ಇರಬಹುದು. 500ರ ಕ್ಯಾಸೆಟ್ ಆದರೆ ಹತ್ತು ಸಾವಿರ. ಅಂಥ ದುಡ್ಡನ್ನು ಐದು ದಿನದೊಳಗೆ ಗ್ರಾಹಕರ ಖಾತೆಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅವರು ದೂರು ಕೊಡಲಿ ಅಂತ ಕಾಯಬೇಡಿ. ದೂರು ಕೊಡಲು ಗೊತ್ತಿಲ್ಲದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಹಳೆಯ ಶೀಟ್‌ಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಹೋಲಿಕೆಗೆ ಅಂತಾದರೆ ಕಡೇಪಕ್ಷ ಒಂದು ಪೂರ್ತಿ ವರ್ಷದ್ದು, ಎರಡಾದರೆ ಇನ್ನೂ ಒಳ್ಳೆಯದು. ದೀಪಾವಳಿಗೆ, ಕೊಯ್ಲಿಗೆ ಹಿಂದಿನ ತಿಂಗಳ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಹೋದ ವರ್ಷದ ಅದೇ ವಾರ ಬೇಕು. ನಾನು ಒಂದೊಂದು ಮೆಷಿನ್‌ನ ಸಾಲಿನ ಕೊನೆಗೆ ಒಂದು ಟಿಪ್ಪಣಿ ಕಾಲಂ ಇಟ್ಟುಕೊಂಡಿದ್ದೇನೆ. ಕೊಯ್ಲಿನಲ್ಲಿ ಖಾಲಿಯಾದ ಆ ಮೆಷಿನ್‌ನ ಮುಂದೆ ಈಗ ಬರೆದಿರುವುದು: "ನವೆಂಬರ್‌ನಿಂದ ಫೆಬ್ರವರಿ, ಶನಿವಾರ ಬಟವಾಡೆ, 500ರ ಎರಡೂ ಕ್ಯಾಸೆಟ್ ಗುರುವಾರವೇ ತುಂಬಿಸಿ."